44 ನಿಮಿಷ: ತಪ್ಪು ಗ್ರೂಪಿಗೆ ಹೋದ ಒಂದು ಅರ್ಜಿ

ಡಿಸೆಂಬರಿನ ಒಂದು ಶನಿವಾರ ರಾತ್ರಿ ಎಂಟು ದಾಟಿದ ಮೇಲೆ ನನ್ನ ಗೆಳತಿಯ ಕರೆ ಬಂದಿತು. ಆಕೆ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಶಿಕ್ಷಕಿ. ನಾನು ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಹೀಗಾಗಿ ಫೋನಿನ ತಾಪತ್ರಯಗಳೆಲ್ಲ ನನ್ನ ಬಳಿಗೇ ಬರುತ್ತವೆ. ಆದರೆ ಆ ದಿನ ಆಕೆಯ ದನಿಯೇ ಬೇರೆಯಾಗಿತ್ತು. "ನಾನು ಅಳಿಸಿದ್ದೇನೆ, ಆದರೂ ಎಲ್ಲರಿಗೂ ಕಾಣುತ್ತಿದೆ" ಎಂದಷ್ಟೇ ಹೇಳಿ ಸುಮ್ಮನಾದಳು.

ಹೆಸರು, ಊರು ಬೇಡ. ನಡೆದದ್ದನ್ನು ಮಾತ್ರ ನಡೆದ ಕ್ರಮದಲ್ಲಿ ಬರೆಯುತ್ತೇನೆ. ಬರೆಯಬಹುದೇ ಎಂದು ಗೆಳತಿಯನ್ನೂ ಆ ಹುಡುಗಿಯ ತಾಯಿಯನ್ನೂ ಕೇಳಿದ್ದೇನೆ.

ಶಾಲೆಯಿಂದ ಹಂಪಿಗೆ ಪ್ರವಾಸ ಹೊರಟಿತ್ತು. ತಲೆಗೆ 1,800 ರೂಪಾಯಿ. ಒಬ್ಬ ವಿದ್ಯಾರ್ಥಿನಿಯ ತಾಯಿ ಗೆರೆಯ ಹಾಳೆಯೊಂದರಲ್ಲಿ ಅರ್ಜಿ ಬರೆದು ಮಗಳ ಕೈಯಲ್ಲಿ ಕಳುಹಿಸಿದ್ದರು. ಗಂಡ ಮನೆ ಬಿಟ್ಟು ಹೋಗಿ ಐದು ತಿಂಗಳಾಗಿದೆ, ಅಡಿಕೆ ಸುಲಿಯುವ ಕೂಲಿಯಲ್ಲಿ ಮನೆ ನಡೆಯುತ್ತಿದೆ, ಹಣವನ್ನು ಎರಡು ಕಂತಿನಲ್ಲಿ ಕೊಡಲು ಅವಕಾಶ ಕೊಡಿ ಎಂದು ಅದರಲ್ಲಿತ್ತು. ಗಂಡ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ ಎಂದೇ ಆಕೆ ಊರಿನವರಿಗೆ ಹೇಳಿಕೊಂಡು ಬಂದಿದ್ದರು. ನಿಜ ಗೊತ್ತಿದ್ದದ್ದು ಆ ಹಾಳೆಗೆ ಮಾತ್ರ.

ಗೆಳತಿ ಆ ಹಾಳೆಯ ಫೋಟೊ ತೆಗೆದು, ಕೆಳಗೆ ಎರಡು ಸಾಲು ಸೇರಿಸಿ, ಮುಖ್ಯೋಪಾಧ್ಯಾಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಹೊರಟಳು. "ಸರ್, ಈ ಅರ್ಜಿ ನೋಡಿ. ಗಂಡ ಮನೆ ಬಿಟ್ಟು ಐದು ತಿಂಗಳಾಯಿತಂತೆ. ಹುಡುಗಿಯ ಹಣವನ್ನು ನಾವೇ ಹೊಂದಿಸೋಣವೇ?" ಎಂಬ ಆ ಸಾಲುಗಳಲ್ಲಿ ಹುಡುಗಿಯ ಹೆಸರೂ ಇತ್ತು. ಮುಖ್ಯೋಪಾಧ್ಯಾಯರು ತಮ್ಮ ಖಾತೆಗೆ ಶಾಲೆಯ ಕಟ್ಟಡದ ಚಿತ್ರ ಹಾಕಿಕೊಂಡಿದ್ದರು. ಎಂಟನೇ ತರಗತಿಯ ಪಾಲಕರ ಗ್ರೂಪಿಗೂ ಅದೇ ಕಟ್ಟಡದ ಚಿತ್ರ. ಗ್ಯಾಲರಿಯಿಂದ ಹಂಚಿಕೊಳ್ಳುವಾಗ ಬರುವ ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು ಕುಳಿತಿದ್ದವು. ಬೆರಳು ಮೇಲಿನದರ ಮೇಲೆ ಬಿತ್ತು. ಸಮಯ 7:42. ಗ್ರೂಪಿನಲ್ಲಿ 41 ಮಂದಿ.

ಎರಡು ನಿಮಿಷದಲ್ಲಿ ಆಕೆಗೆ ತಪ್ಪು ಕಂಡಿತು. ಸಂದೇಶವನ್ನು ಒತ್ತಿ ಹಿಡಿದು ಕಸದ ಬುಟ್ಟಿಯ ಗುರುತನ್ನು ಮುಟ್ಟಿದಳು. ಎದುರಿಗೆ ‘Delete for everyone’ ಮತ್ತು ‘Delete for me’ ಎಂಬ ಎರಡು ಆಯ್ಕೆಗಳು ಬಂದವು. ನಡುಗುವ ಕೈ ಎರಡನೆಯದನ್ನು ಒತ್ತಿತು. ಸಂದೇಶ ಕಣ್ಣೆದುರಿನಿಂದ ಮಾಯವಾಯಿತು. ಹೋಯಿತಲ್ಲ ಎಂದು ಆಕೆ ಉಸಿರು ಬಿಟ್ಟಳು.

ಹೋದದ್ದು ಆಕೆಯ ಫೋನಿನಿಂದ ಮಾತ್ರ. ಉಳಿದವರ ಫೋನುಗಳಲ್ಲಿ ಅದು ಹಾಗೆಯೇ ಇತ್ತು. ಮೊದಲ ಆಯ್ಕೆಯನ್ನು ಒತ್ತಿದ್ದರೆ ಸಂದೇಶ ಇದ್ದ ಜಾಗದಲ್ಲಿ ‘You deleted this message’ ಎಂಬ ಗುರುತು ಉಳಿಯುತ್ತದೆ. ಎರಡನೆಯದನ್ನು ಒತ್ತಿದರೆ ಯಾವ ಗುರುತೂ ಉಳಿಯುವುದಿಲ್ಲ, ಜಾಗವೇ ಮುಚ್ಚಿಕೊಳ್ಳುತ್ತದೆ. ಗುರುತು ಕಾಣದಿದ್ದರೆ ಕೆಲಸ ಕೆಟ್ಟಿದೆ ಎಂದೇ ತಿಳಿಯಬೇಕು. ಗಾಬರಿಯಲ್ಲಿ ಇದು ತಿರುವುಮುರುವಾಗಿ ಕಾಣುತ್ತದೆ. ಪೂರ್ತಿ ಖಾಲಿಯಾದದ್ದನ್ನು ನೋಡಿ ಮನಸ್ಸಿಗೆ ಹೆಚ್ಚು ಸಮಾಧಾನವಾಗುತ್ತದೆ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ ಎಂದೇ 2022ರ ಡಿಸೆಂಬರಿನಲ್ಲಿ ವಾಟ್ಸ್‌ಆ್ಯಪ್ ಒಂದು ಸಣ್ಣ ಅನುಕೂಲ ಸೇರಿಸಿತು. ‘Delete for me’ ಒತ್ತಿದ ಮೇಲೆ ಪರದೆಯ ಕೆಳಗೆ ‘Undo’ ಎಂಬ ಪಟ್ಟಿ ಐದು ಸೆಕೆಂಡ್ ನಿಲ್ಲುತ್ತದೆ. ಅದನ್ನು ಮುಟ್ಟಿದರೆ ಸಂದೇಶ ಮರಳಿ ಬರುತ್ತದೆ, ಆಗ ಸರಿಯಾದ ಆಯ್ಕೆಯನ್ನು ಒತ್ತಬಹುದು. ಗೆಳತಿ ಆ ಐದು ಸೆಕೆಂಡಿನಲ್ಲಿ ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿ ಅಡುಗೆಮನೆಗೆ ಹೋಗಿದ್ದಳು.

8:05ಕ್ಕೆ ಗ್ರೂಪಿನಲ್ಲಿ ಒಬ್ಬ ಪಾಲಕರು ಉತ್ತರ ಬರೆದರು: "ಪಾಪ ಮೇಡಂ, ನನ್ನ ಕಡೆಯಿಂದ 500 ರೂಪಾಯಿ ಕೊಡುತ್ತೇನೆ." ಒಳ್ಳೆಯ ಮನಸ್ಸಿನ ಮಾತು. ಆದರೆ ಅವರು ಅದನ್ನು ಬರೆದದ್ದು ಮೂಲ ಸಂದೇಶವನ್ನು ಬಲಕ್ಕೆ ಎಳೆದು, ಅದನ್ನು ಉಲ್ಲೇಖಿಸಿ. ಅವರ ಉತ್ತರದ ತಲೆಯ ಮೇಲೆ ಬೂದು ಬಣ್ಣದ ಚೌಕದಲ್ಲಿ ಗೆಳತಿಯ ಸಾಲುಗಳೂ ಬೆರಳುಗುರಿನಷ್ಟು ಚಿತ್ರವೂ ಕುಳಿತಿದ್ದವು. ಅಳಿಸಿದ್ದೇನೆ ಎಂದುಕೊಂಡದ್ದು ಎಲ್ಲರಿಗೂ ಕಾಣುತ್ತಿದೆ ಎಂದು ಆಕೆಗೆ ಗೊತ್ತಾದದ್ದು ಆಗ. ನನಗೆ ಕರೆ ಬಂದದ್ದು ಅದರ ನಂತರ.

ಆಗ ಆಕೆಯ ಕೈಯಲ್ಲಿ ಏನೂ ಉಳಿದಿರಲಿಲ್ಲ. ಎಲ್ಲರಿಗೂ ಅಳಿಸಬೇಕೆಂದರೆ ಸಂದೇಶ ನಮ್ಮ ಪರದೆಯ ಮೇಲೆ ಇರಬೇಕು, ಒತ್ತಿ ಹಿಡಿಯಲು ಅದು ಸಿಗಬೇಕು. ಕಾಲಮಿತಿ ಧಾರಾಳವಾಗಿ ಉಳಿದಿದ್ದರೂ ಹಿಡಿಯುವುದಕ್ಕೇ ಏನೂ ಇರಲಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆ, "ಗ್ರೂಪಿನ ಅಡ್ಮಿನ್ ಯಾರು?"

2022ರಿಂದ ಗ್ರೂಪಿನ ಅಡ್ಮಿನ್ ಬೇರೆ ಸದಸ್ಯರ ಸಂದೇಶವನ್ನೂ ಎಲ್ಲರಿಗೂ ಅಳಿಸಬಹುದು. ಮಾಡುವ ಬಗೆ ಅದೇ: ಒತ್ತಿ ಹಿಡಿ, ಬುಟ್ಟಿ ಮುಟ್ಟು, ‘Delete for everyone’ ಆರಿಸು. ಮುಖ್ಯೋಪಾಧ್ಯಾಯರು ಅಡ್ಮಿನ್ ಆಗಿದ್ದರು. ಆದರೆ ಅವರು ಘಾಟಿ ಇಳಿಯುತ್ತಿದ್ದ ಬಸ್ಸಿನಲ್ಲಿದ್ದರು, ಸಿಗ್ನಲ್ ಇರಲಿಲ್ಲ. ಗ್ರೂಪಿನ ಮಾಹಿತಿ ತೆರೆದು ನೋಡಿದಾಗ ದೈಹಿಕ ಶಿಕ್ಷಕರ ಹೆಸರಿನ ಮುಂದೆಯೂ ಹಸಿರು ಪಟ್ಟಿ ಕಂಡಿತು. ಕ್ರೀಡಾಕೂಟದ ಸಮಯದಲ್ಲಿ ಅವರನ್ನು ಅಡ್ಮಿನ್ ಮಾಡಿ ಹಾಗೆಯೇ ಬಿಟ್ಟಿದ್ದರು. ಅವರು ಮೂರನೇ ಕರೆಗೆ ಸಿಕ್ಕರು. 8:26ಕ್ಕೆ ಮೂಲ ಸಂದೇಶ ಹೋಯಿತು. 8:29ಕ್ಕೆ, ಕೆಳಗೆ ನೋಡಿ ಎಂದು ನಾನು ಹೇಳಿದ ಮೇಲೆ, 500 ರೂಪಾಯಿಯ ಆ ಉತ್ತರವೂ ಹೋಯಿತು.

ಈ ಮೂರು ನಿಮಿಷದ ಅಂತರವನ್ನು ತುಸು ವಿವರಿಸಬೇಕು, ಏಕೆಂದರೆ ಅಳಿಸುವುದು ಎಂದರೆ ಏನು ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳು ಗೂಢಲಿಪಿಯಲ್ಲಿ ಹೋಗಿ ಪಡೆಯುವವರ ಫೋನಿನಲ್ಲಿಯೇ ಬಿಚ್ಚಿಕೊಳ್ಳುತ್ತವೆ. ತಲುಪಿದ ಮೇಲೆ ಅವು ಇರುವುದು ಆ ಫೋನಿನಲ್ಲಿ. ಕಂಪನಿಯ ಯಾವುದೋ ಒಂದು ಕಪಾಟಿನಲ್ಲಿ ಮೂಲಪ್ರತಿಯಿದ್ದು, ನಾವು ಅದನ್ನು ತೆಗೆದ ಕೂಡಲೇ ಎಲ್ಲ ಕಡೆಯೂ ಮಾಯವಾಗುತ್ತದೆ ಎಂಬ ಕಲ್ಪನೆ ಸರಿಯಲ್ಲ. ನಾವು ಎಲ್ಲರಿಗೂ ಅಳಿಸು ಎಂದಾಗ ಹೋಗುವುದು ಇನ್ನೊಂದು ಸಂದೇಶ. ಪರದೆಯ ಮೇಲೆ ಕಾಣದ ಆ ಸಂದೇಶದಲ್ಲಿ ಇಂಥ ಗುರುತಿನ ಹಿಂದಿನ ಸಂದೇಶವನ್ನು ತೆಗೆದುಬಿಡು ಎಂಬ ಕೋರಿಕೆ ಇರುತ್ತದೆ. ಅದು ತಲುಪಿದ ಪ್ರತಿಯೊಂದು ಫೋನಿನಲ್ಲಿಯೂ ಅಲ್ಲಿನ ವಾಟ್ಸ್‌ಆ್ಯಪ್ ಅದನ್ನು ಓದಿ ತನ್ನ ಮನೆಯೊಳಗಿನ ಪ್ರತಿಯನ್ನು ತೆಗೆಯುತ್ತದೆ. ಮನೆಯ ಹೊಸ್ತಿಲು ದಾಟಿ ಹೋದದ್ದು ಅದರ ಕೈಗೆ ಎಟುಕುವುದಿಲ್ಲ.

ಉಲ್ಲೇಖಿಸಿ ಬರೆದ ಉತ್ತರ ಬೇರೆಯದೇ ಗುರುತಿನ ಸಂದೇಶ. ಮೂಲದ ಸಾಲುಗಳನ್ನು ಅದು ತನ್ನ ಮಡಿಲಿನಲ್ಲಿ ನಕಲು ಮಾಡಿಕೊಂಡಿರುತ್ತದೆ. ಆದ್ದರಿಂದ ಮೂಲವನ್ನು ಅಳಿಸಿದರೂ ಆ ಬೂದು ಚೌಕ ಉಳಿಯುತ್ತದೆ. ಅದನ್ನು ತೆಗೆಯಬೇಕಾದವರು ಉತ್ತರ ಬರೆದವರೇ, ಇಲ್ಲವೇ ಅಡ್ಮಿನ್. ಫಾರ್ವರ್ಡ್ ಮಾಡಿದ ಪ್ರತಿಯೂ ಹೀಗೆಯೇ. ಅದಕ್ಕೆ ಒಡೆಯರು ಬೇರೆ, ಅದರ ಗಡಿಯಾರವೂ ಬೇರೆ.

ಕಾಲಮಿತಿಯ ಲೆಕ್ಕ ಇಷ್ಟು. 2017ರಲ್ಲಿ ಈ ಸೌಲಭ್ಯ ಬಂದಾಗ ಸಿಕ್ಕಿದ್ದು ಏಳು ನಿಮಿಷ. 2018ರಲ್ಲಿ ಅದು 4,096 ಸೆಕೆಂಡಿಗೆ, ಎಂದರೆ 1 ಗಂಟೆ 8 ನಿಮಿಷ 16 ಸೆಕೆಂಡಿಗೆ ಏರಿತು. 2022ರ ಆಗಸ್ಟ್‌ನಿಂದ ಎರಡು ದಿನಕ್ಕಿಂತ ತುಸು ಹೆಚ್ಚು, ಸುಮಾರು 60 ಗಂಟೆ ಸಿಗುತ್ತಿದೆ. ಅವಧಿ ಮುಗಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಒತ್ತಿ ಹಿಡಿದಾಗ ‘Delete for everyone’ ಕಾಣುವುದಿಲ್ಲ, ಅಷ್ಟೇ. ಎಲ್ಲ ಕಡೆಯೂ ನಿಯಮ ಒಂದೇ ಅಲ್ಲ. ಟೆಲಿಗ್ರಾಮ್‌ನಲ್ಲಿ ಇಬ್ಬರ ನಡುವಿನ ಮಾತುಕತೆಯನ್ನು 2019ರಿಂದ ಎಷ್ಟು ಹಳೆಯದಾದರೂ ಇಬ್ಬರ ಕಡೆಯಿಂದಲೂ ಅಳಿಸಬಹುದು, ಗುರುತೂ ಉಳಿಯುವುದಿಲ್ಲ. ಐಫೋನಿನ ಸ್ವಂತ ಮೆಸೇಜಸ್‌ನಲ್ಲಿ ಕಳುಹಿಸಿದ್ದನ್ನು ಹಿಂಪಡೆಯಲು ಎರಡೇ ನಿಮಿಷ. ಒಂದರ ಅಭ್ಯಾಸವನ್ನು ಇನ್ನೊಂದರಲ್ಲಿ ನಂಬಿ ಕುಳಿತರೆ ಕೆಲಸ ಕೆಡುತ್ತದೆ.

ಆದರೆ ಈ ಪ್ರಕರಣದಲ್ಲಿ 60 ಗಂಟೆಯ ಮಿತಿ ನಮಗೆ ಅಡ್ಡಿಯಾಗಲೇ ಇಲ್ಲ. ಪೆಟ್ಟು ಬಿದ್ದದ್ದು ಮೊದಲ 44 ನಿಮಿಷದಲ್ಲಿ. ಅಳಿಸಲು ಎಷ್ಟು ಹೊತ್ತು ಸಿಗುತ್ತದೆ ಎಂಬುದು ಒಂದು ಲೆಕ್ಕ, ಜನ ಎಷ್ಟು ಹೊತ್ತಿನಲ್ಲಿ ಓದುತ್ತಾರೆ ಎಂಬುದು ಇನ್ನೊಂದು. ಎರಡಕ್ಕೂ ಸಂಬಂಧವಿಲ್ಲ. ಶನಿವಾರ ಸಂಜೆ ಎಂಟು ಗಂಟೆ ಎಂದರೆ ಮನೆಮನೆಯಲ್ಲಿ ಫೋನು ಕೈಯಲ್ಲಿರುವ ಸಮಯ.

ಎಷ್ಟು ಜನ ನೋಡಿದರು? ಗೆಳತಿ ಮತ್ತೆ ಮತ್ತೆ ಕೇಳಿದ ಪ್ರಶ್ನೆ ಇದು. ಉತ್ತರ ಸಿಗುವ ಒಂದೇ ಬಾಗಿಲನ್ನು ಆಕೆ ತಿಳಿಯದೆ ಮುಚ್ಚಿಬಿಟ್ಟಿದ್ದಳು ಎಂದು ಹೇಳುವಾಗ ನನಗೆ ಬಹಳ ಸಂಕಟವಾಯಿತು. ನಾವು ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು ‘Info’ ತೆರೆದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಎಂಬ ಎರಡು ಪಟ್ಟಿಗಳು ಕಾಣುತ್ತವೆ. ನೀಲಿ ಗುರುತು ಬಾರದಂತೆ ಮಾಡಿಕೊಂಡವರೂ ಗ್ರೂಪಿನಲ್ಲಿ ತಪ್ಪಿಸಿಕೊಳ್ಳಲಾರರು, ಏಕೆಂದರೆ ಆ ಹೊಂದಿಕೆ ಗ್ರೂಪಿಗೆ ಅನ್ವಯಿಸುವುದಿಲ್ಲ. ಅಳಿಸುವ ಮುನ್ನ ಹತ್ತು ಸೆಕೆಂಡ್ ಈ ಪಟ್ಟಿಯನ್ನು ನೋಡಿ, ಹೆಸರುಗಳನ್ನು ಬರೆದಿಟ್ಟುಕೊಂಡಿದ್ದರೆ ಮರುದಿನ ಯಾರೊಂದಿಗೆ ಮಾತನಾಡಬೇಕು ಎಂದು ಗೊತ್ತಿರುತ್ತಿತ್ತು. ಅಡ್ಮಿನ್‌ಗೆ ಈ ಪಟ್ಟಿ ಸಿಗುವುದಿಲ್ಲ, ಅದು ಕಳುಹಿಸಿದವರಿಗೆ ಮಾತ್ರ. ಈಗ ನಾನು ಯಾರಿಗೆ ಹೇಳಿಕೊಟ್ಟರೂ ಇದನ್ನೇ ಮೊದಲು ಹೇಳುತ್ತೇನೆ: ಮೊದಲು ‘Info’ ನೋಡಿ, ಆಮೇಲೆ ಅಳಿಸಿ.

ಆ ಪಟ್ಟಿಗೂ ಒಂದು ಮಿತಿ ಇದೆ. ಗ್ರೂಪ್ ತೆರೆಯದೆ ನೋಟಿಫಿಕೇಷನ್‌ನಲ್ಲಿಯೇ ಓದಿದವರು ಓದಿದವರ ಪಟ್ಟಿಗೆ ಬರುವುದಿಲ್ಲ, ತಲುಪಿದವರಲ್ಲಿಯೇ ಉಳಿಯುತ್ತಾರೆ. ನಮ್ಮ ಪ್ರಕರಣದಲ್ಲಿ ಹೆಚ್ಚು ಹಾನಿ ಮಾಡಿದ್ದು ಅದೇ ದಾರಿ. ಅರ್ಜಿಯ ಚಿತ್ರ ನೋಟಿಫಿಕೇಷನ್‌ನಲ್ಲಿ ಓದುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ಚಿತ್ರಗಳು ತಾವಾಗಿಯೇ ಇಳಿಯದಂತೆ ಮಾಡಿಕೊಂಡವರಿಗೆ ಅದು ಮಸುಕಾಗಿಯೇ ಇತ್ತು. ಅಳಿಸಿದ ಮೇಲೆ ಅವರು ಅದನ್ನು ಇಳಿಸಿಕೊಳ್ಳುವ ದಾರಿಯೂ ಇಲ್ಲ. ಆದರೆ ಚಿತ್ರದ ಕೆಳಗೆ ಬರೆದ ಎರಡು ಸಾಲುಗಳು ಯಾವ ಅಡ್ಡಿಯೂ ಇಲ್ಲದೆ ಎಲ್ಲ ಪರದೆಗಳ ನೆತ್ತಿಯ ಮೇಲೆ ಬಂದು ನಿಂತವು. ಆ ತಾಯಿ ಒಂದು ಪುಟದಲ್ಲಿ ಅಳುಕುತ್ತ ಬರೆದದ್ದನ್ನು ಗೆಳತಿ ಎರಡು ಸಾಲಿಗೆ ಇಳಿಸಿದ್ದಳು. ಆ ಎರಡು ಸಾಲೇ ಊರು ಸುತ್ತಿತು.

ಭಾನುವಾರ ನಾವಿಬ್ಬರೂ ಕುಳಿತು ಏನು ಎಲ್ಲೆಲ್ಲಿ ಉಳಿದಿರಬಹುದು ಎಂದು ಹುಡುಕಿದೆವು. ನನ್ನ ಬಳಿ ಎರಡು ಆಂಡ್ರಾಯ್ಡ್ ಫೋನುಗಳಿದ್ದವು. ಒಂದರಲ್ಲಿ ಸೆಟ್ಟಿಂಗ್ಸ್ ತೆರೆದು, ನೋಟಿಫಿಕೇಷನ್ಸ್ ವಿಭಾಗದಲ್ಲಿ ‘Notification history’ ಎಂಬುದನ್ನು ಚಾಲೂ ಮಾಡಿದೆ. ಆಂಡ್ರಾಯ್ಡ್ 11ರಿಂದ ಇದು ಫೋನಿನಲ್ಲಿಯೇ ಇದೆ, ಬೇರೆ ಆ್ಯಪ್ ಬೇಡ. ಇನ್ನೊಂದು ಫೋನಿನಿಂದ "ಇದು ಪರೀಕ್ಷೆ, ಓದಬೇಡಿ" ಎಂದು ಕಳುಹಿಸಿ, ಒಂದು ನಿಮಿಷ ಬಿಟ್ಟು ಎಲ್ಲರಿಗೂ ಅಳಿಸಿದೆ. ವಾಟ್ಸ್‌ಆ್ಯಪ್‌ನಲ್ಲಿ ‘This message was deleted’ ಎಂದು ಬಂದಿತು. ಆದರೆ ಹಿಸ್ಟರಿಯನ್ನು ತೆರೆದರೆ "ಇದು ಪರೀಕ್ಷೆ, ಓದಬೇಡಿ" ಎಂಬ ಸಾಲು ಕಳುಹಿಸಿದ ಸಮಯದ ಸಮೇತ ಅಲ್ಲಿಯೇ ಇತ್ತು. ಗೆಳತಿ ಅದನ್ನು ನೋಡಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ನೋಟಿಫಿಕೇಷನ್ ಫೋನಿನ ವ್ಯವಸ್ಥೆಯ ಸೊತ್ತು. ವಾಟ್ಸ್‌ಆ್ಯಪ್ ಅದನ್ನು ಒಮ್ಮೆ ಕೊಟ್ಟ ಮೇಲೆ ಹಿಸ್ಟರಿಯಲ್ಲಿ ಕೂತ ಸಾಲನ್ನು ಮರಳಿ ಕಿತ್ತುಕೊಳ್ಳಲಾರದು. ಸಮಾಧಾನಕ್ಕೆ ಎರಡು ಸಂಗತಿಗಳಿವೆ. ಈ ಹಿಸ್ಟರಿ 24 ಗಂಟೆಯಷ್ಟೇ ಉಳಿಯುತ್ತದೆ. ಮೊದಲೇ ಚಾಲೂ ಮಾಡಿಟ್ಟವರಿಗೆ ಮಾತ್ರ ಅದು ಸಿಗುತ್ತದೆ, ಅಳಿಸಿದ ಮೇಲೆ ಕುತೂಹಲದಿಂದ ಚಾಲೂ ಮಾಡಿದರೆ ಹಳೆಯದು ಬರುವುದಿಲ್ಲ. ಆದರೆ ಇದೇ ಕೆಲಸವನ್ನು ದಿನಗಟ್ಟಲೆ ದಾಖಲಿಸಿಡುವ ಬೇರೆ ಆ್ಯಪ್‌ಗಳೂ ಇವೆ. ಕೈಗೆ ಕಟ್ಟುವ ಸ್ಮಾರ್ಟ್ ವಾಚಿಗೆ ಹೋದ ಸಾಲು ವಾಚಿನಲ್ಲಿಯೇ ಉಳಿದಿರಬಹುದು. ಇನ್ನು ಜಿಬಿ ವಾಟ್ಸ್‌ಆ್ಯಪ್‌ನಂಥ ಅನಧಿಕೃತ ಆವೃತ್ತಿಗಳಂತೂ ಅಳಿಸುವ ಕೋರಿಕೆ ಬಂದರೂ ಕಿವಿಗೆ ಹಾಕಿಕೊಳ್ಳದಂತೆ ಹೊಂದಿಸಿಕೊಳ್ಳಲು ಅವಕಾಶ ಕೊಡುತ್ತವೆ. ಅಂಥ ಫೋನು ಗ್ರೂಪಿನಲ್ಲಿ ಒಂದಿದ್ದರೂ ನಮಗೆ ಗೊತ್ತಾಗುವುದಿಲ್ಲ. ಅಳಿಸುವಿಕೆ ಎಲ್ಲಾದರೂ ವಿಫಲವಾದರೆ ಕಳುಹಿಸಿದವರಿಗೆ ತಿಳಿಸುವುದಿಲ್ಲ ಎಂದು ವಾಟ್ಸ್‌ಆ್ಯಪ್ ತಾನೇ ತನ್ನ ಸಹಾಯ ಪುಟದಲ್ಲಿ ಹೇಳಿಕೊಂಡಿದೆ.

ಚಿತ್ರದ ಕಥೆ ಸ್ವಲ್ಪ ಬೇರೆ. ದೈಹಿಕ ಶಿಕ್ಷಕರ ಫೋನನ್ನೂ ಗೆಳತಿಯ ನೆರೆಮನೆಯ ಪಾಲಕರೊಬ್ಬರ ಫೋನನ್ನೂ ಅವರ ಒಪ್ಪಿಗೆಯಿಂದ ನೋಡಿದೆವು. ಎರಡೂ ಆಂಡ್ರಾಯ್ಡ್. ಎರಡರ ಗ್ಯಾಲರಿಯಿಂದಲೂ ಅರ್ಜಿಯ ಚಿತ್ರ ಹೋಗಿತ್ತು. ಸೋಮವಾರ ಐಫೋನ್ ಇದ್ದ ಒಬ್ಬ ತಾಯಿ ತಾವಾಗಿಯೇ ಬಂದು, "ಮೇಡಂ, ಗ್ರೂಪಿನಲ್ಲಿ ಇಲ್ಲ, ಆದರೆ ನನ್ನ ಫೋಟೊಗಳ ನಡುವೆ ಇದೆ" ಎಂದು ತೋರಿಸಿದರು. ಬಂದ ಚಿತ್ರಗಳೆಲ್ಲ ಫೋಟೊಗಳಿಗೆ ಉಳಿಯಲಿ ಎಂಬ ಹೊಂದಿಕೆ ಅವರದರಲ್ಲಿ ಚಾಲೂ ಇತ್ತು. ಐಫೋನಿನಲ್ಲಿ ಹಾಗೆ ಉಳಿದ ಪ್ರತಿಗೆ ವಾಟ್ಸ್‌ಆ್ಯಪ್‌ನ ಅಳಿಸುವಿಕೆ ಮುಟ್ಟದಿರಬಹುದು. ಅವರು ನಮ್ಮೆದುರೇ ಅಳಿಸಿ, ಇತ್ತೀಚೆಗೆ ಅಳಿಸಿದ ಚಿತ್ರಗಳ ಕಡತವನ್ನೂ ತೆರೆದು ಅಲ್ಲಿಂದಲೂ ತೆಗೆದರು. ಅಲ್ಲಿ ಅದು ಸುಮಾರು ಒಂದು ತಿಂಗಳು ಕುಳಿತಿರುತ್ತಿತ್ತು. ಯಾರೂ ಕೇಳದೆ ಬಂದು ಹೇಳಿದ ಆ ತಾಯಿಯನ್ನು ನಾನು ಮರೆಯುವುದಿಲ್ಲ.

ಬ್ಯಾಕಪ್‌ನ ವಿಷಯದಲ್ಲಿ ಅದೃಷ್ಟ ನಮ್ಮ ಕಡೆ ಇತ್ತು. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ದಿನವೂ ನಸುಕಿನ ಎರಡು ಗಂಟೆಗೆ ಫೋನಿನಲ್ಲಿ ಒಂದು ಪ್ರತಿಯನ್ನು ಕಟ್ಟಿಡುತ್ತದೆ. 8:29ರೊಳಗೆ ಗ್ರೂಪಿನಿಂದ ಎಲ್ಲವೂ ಹೋಗಿದ್ದರಿಂದ ಆ ರಾತ್ರಿಯ ಕಟ್ಟಿನಲ್ಲಿ ಗ್ರೂಪಿನ ಪ್ರತಿ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಎಚ್ಚರವಾಗಿದ್ದರೆ, 60 ಗಂಟೆಯ ಮಿತಿಯೊಳಗೇ ಅಳಿಸಿದ್ದರೂ, ಆಗಲೇ ಹತ್ತಾರು ಫೋನುಗಳ ಕಟ್ಟಿನಲ್ಲಿ ಅದು ಕುಳಿತಿರುತ್ತಿತ್ತು. ಮುಂದೆ ಯಾರಾದರೂ ಆ ದಿನದ ಕಟ್ಟಿನಿಂದ ಮಾತುಕತೆಯನ್ನು ಮರಳಿ ತಂದರೆ ಅದೂ ಎದ್ದು ಬರಬಹುದು. ಹಾಗಾಗಿ ಅಳಿಸುವವರಿಗೆ ಮೊದಲ ರಾತ್ರಿಯ ಎರಡು ಗಂಟೆ 60ನೇ ಗಂಟೆಗಿಂತ ಮುಖ್ಯವಾದ ಗಡಿ.

ಮುಖ್ಯೋಪಾಧ್ಯಾಯರ ಫೋನಿಗೆ 9:10ಕ್ಕೆ ಸಿಗ್ನಲ್ ಬಂದಿತು. ತಲುಪದ ಸಂದೇಶಗಳು ಗೂಢಲಿಪಿಯಲ್ಲಿಯೇ 30 ದಿನದವರೆಗೆ ಸರ್ವರ್‌ನಲ್ಲಿ ಕಾಯುತ್ತವೆ. ಅವರಿಗೂ ಮೂಲ ಸಂದೇಶ, ಹಿಂದೆಯೇ ಅಳಿಸುವ ಕೋರಿಕೆ ಎರಡೂ ಒಟ್ಟಿಗೆ ಬಂದವು. ಪರದೆಯ ಮೇಲೆ ನಿಂತದ್ದು ಅಡ್ಮಿನ್ ಒಬ್ಬರು ಸಂದೇಶ ಅಳಿಸಿದ್ದಾರೆ ಎಂಬ ಸಾಲು ಮಾತ್ರ, ದೈಹಿಕ ಶಿಕ್ಷಕರ ಹೆಸರಿನೊಂದಿಗೆ. ಅವರು ಗೆಳತಿಗೆ ಕರೆ ಮಾಡಿ, "ಏನದು ಮೇಡಂ, ಗ್ರೂಪಿನಲ್ಲಿ ಏನಾಯಿತು?" ಎಂದು ಕೇಳಿದರು. ಅರ್ಜಿ ಯಾರಿಗೆ ಹೋಗಬೇಕಿತ್ತೋ ಅವರೇ ಅದನ್ನು ನೋಡಿರಲಿಲ್ಲ.

ಅಳಿಸಿದ ಗುರುತು ಜನರ ಕುತೂಹಲವನ್ನು ಕೆರಳಿಸುತ್ತದೆ. ಅಂದು ರಾತ್ರಿಯೇ ಇಬ್ಬರು "ಏನು ಅಳಿಸಿದಿರಿ ಸರ್?" ಎಂದು ಗ್ರೂಪಿನಲ್ಲಿ ಕೇಳಿದರು. ಸುಮ್ಮನಿದ್ದರೆ ತಾನಾಗಿಯೇ ತಣ್ಣಗಾಗುತ್ತದೆ ಎಂದು ದೈಹಿಕ ಶಿಕ್ಷಕರ ಅಭಿಪ್ರಾಯ. ನನಗೆ ಹಾಗೆ ಅನಿಸಲಿಲ್ಲ. ನೋಡಿದವರು ನೋಡದವರಿಗೆ ಹೇಳುವ ಮೊದಲು ಒಂದು ಮಾತು ಹೇಳಿಬಿಡಬೇಕು, ಆದರೆ ಅದಕ್ಕಿಂತ ಮೊದಲು ಆ ತಾಯಿಯೊಂದಿಗೆ ಮಾತನಾಡಬೇಕು ಎಂದೆ. ಅವರ ಸಂಖ್ಯೆಯೂ ಆ 41ರಲ್ಲಿ ಇತ್ತು.

ಗೆಳತಿ 8:40ಕ್ಕೆ ಅವರಿಗೆ ಕರೆ ಮಾಡಿದ್ದಳು. ಫೋನು ದೊಡ್ಡ ಮಗನ ಕೈಯಲ್ಲಿತ್ತು, ಅವನು ಆಗಲೇ ಓದಿದ್ದ. ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ಹಿತ್ತಿಲಿನಲ್ಲಿ ಕುಳಿತಿದ್ದನಂತೆ. ತಾಯಿ ಫೋನು ತೆಗೆದುಕೊಂಡಾಗ ಗೆಳತಿ ಸುತ್ತಿ ಬಳಸಿ ಮಾತನಾಡಲಿಲ್ಲ. "ಅಮ್ಮಾ, ನಿಮ್ಮ ಅರ್ಜಿಯನ್ನು ಎಚ್.ಎಂ. ಸರ್‌ಗೆ ಕಳುಹಿಸುವ ಬದಲು ಪಾಲಕರ ಗ್ರೂಪಿಗೆ ಕಳುಹಿಸಿಬಿಟ್ಟೆ. ತಪ್ಪು ನನ್ನದು. ಈಗ ತೆಗೆಸಿದ್ದೇವೆ, ಆದರೆ ಮುಕ್ಕಾಲು ಗಂಟೆ ಇತ್ತು, ಕೆಲವರು ನೋಡಿದ್ದಾರೆ" ಎಂದಳು. ಆ ಕಡೆ ಬಹಳ ಹೊತ್ತು ಮೌನ. ಆಮೇಲೆ ಅವರು ಕೇಳಿದ್ದು ಒಂದೇ: "ಯಾರು ಯಾರು ನೋಡಿದರು ಮೇಡಂ?" ಆ ಪ್ರಶ್ನೆಗೆ ಕೊಡಲು ಗೆಳತಿಯ ಬಳಿ ಪಟ್ಟಿ ಇರಲಿಲ್ಲ.

ಅವರ ಒಪ್ಪಿಗೆ ಪಡೆದೇ ಗ್ರೂಪಿನಲ್ಲಿ ನಾಲ್ಕು ಸಾಲು ಹಾಕಿದೆವು. "ಒಂದು ಮನೆಯ ಖಾಸಗಿ ವಿಷಯ ನನ್ನ ತಪ್ಪಿನಿಂದ ಇಲ್ಲಿಗೆ ಬಂದಿತ್ತು. ಅದನ್ನು ತೆಗೆದಿದ್ದೇವೆ. ಯಾರಿಗಾದರೂ ಫಾರ್ವರ್ಡ್ ಮಾಡಿದ್ದರೆ ದಯವಿಟ್ಟು ನೀವೇ ಅಲ್ಲಿಂದ ಅಳಿಸಿ, ಫೋಟೊಗಳಲ್ಲಿ ಉಳಿದಿದ್ದರೆ ತೆಗೆಯಿರಿ. ಆ ಮಗು ನಮ್ಮೆಲ್ಲರ ಮಕ್ಕಳೊಂದಿಗೆ ಓದುತ್ತಿದೆ." ಹೆಸರಿಲ್ಲ, ಏನಿತ್ತು ಎಂಬ ವಿವರವಿಲ್ಲ. ಏನು ಮಾಡಬೇಕು ಎಂಬುದು ಮಾತ್ರ ಸ್ಪಷ್ಟ. ಭಾನುವಾರ ಮಧ್ಯಾಹ್ನ ಒಬ್ಬರು ಗೆಳತಿಗೆ ಪ್ರತ್ಯೇಕವಾಗಿ ಬರೆದರು. ಅವರು ಆ ಚಿತ್ರವನ್ನು ಶನಿವಾರವೇ ತಮ್ಮ ಅಕ್ಕನಿಗೆ ಕಳುಹಿಸಿದ್ದರು. ಆ ಪ್ರತಿಯನ್ನು ಗೆಳತಿಯೂ ದೈಹಿಕ ಶಿಕ್ಷಕರೂ ಮುಟ್ಟುವಂತಿರಲಿಲ್ಲ. ಅವರೇ ತಮ್ಮ ಮಾತುಕತೆಯನ್ನು ತೆರೆದು ಎಲ್ಲರಿಗೂ ಅಳಿಸಿದರು, ಅಕ್ಕನಿಗೂ ಕರೆ ಮಾಡಿ ಹೇಳಿದರು. ಅವರು ಫಾರ್ವರ್ಡ್ ಮಾಡಿದ ಹೊತ್ತಿನಿಂದ ಎಣಿಸಿದರೂ 60 ಗಂಟೆ ಆಗಿರಲಿಲ್ಲ. ಮಂಗಳವಾರ ಮಧ್ಯಾಹ್ನ ಹೇಳಿದ್ದರೆ ಆ ದಾರಿ ಮುಚ್ಚಿರುತ್ತಿತ್ತು. ನಾಲ್ಕು ಸಾಲನ್ನು ಶನಿವಾರ ರಾತ್ರಿಯೇ ಹಾಕಿದ್ದರಿಂದ ಆದ ಉಪಯೋಗ ಇದು.

ಗೆಳತಿಯ ಫೋನಿನಲ್ಲಿ ಮತ್ತು ಆ ಗ್ರೂಪಿನಲ್ಲಿ ಆಮೇಲೆ ಮೂರು ಬದಲಾವಣೆಗಳಾದವು. ಗ್ರೂಪಿನ ಚಿತ್ರ ಈಗ ಕಡು ಹಳದಿ, ನಡುವೆ ದೊಡ್ಡದಾಗಿ 8 ಎಂಬ ಅಂಕಿ. ದೂರದಿಂದ ನೋಡಿದರೂ ಅದು ಮುಖ್ಯೋಪಾಧ್ಯಾಯರದು ಎಂದು ಯಾರಿಗೂ ಅನಿಸುವುದಿಲ್ಲ. ಗ್ರೂಪಿಗೆ ಮೂವರು ಅಡ್ಮಿನ್‌ಗಳಿದ್ದಾರೆ, ಒಬ್ಬರಾದರೂ ಊರಿನಲ್ಲಿಯೇ ಇರುವವರು. ಮನೆಯ ಕಷ್ಟ ಹೇಳಿಕೊಂಡು ಬರುವ ಅರ್ಜಿಗಳ ಚಿತ್ರವನ್ನು ಆಕೆ ಈಗ ತೆಗೆಯುವುದಿಲ್ಲ. ಕಾಗದವನ್ನೇ ಮಡಿಚಿ, ಬೆಳಿಗ್ಗೆ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡುತ್ತಾಳೆ.

ಮಂಗಳವಾರ ಆ ತಾಯಿ ಶಾಲೆಗೆ ಬಂದರು. ಕೈಬೆರಳುಗಳಲ್ಲಿ ಅಡಿಕೆಯ ಕಂದು ಕಲೆ ಹಾಗೆಯೇ ಇತ್ತು. ಮೊದಲ ಕಂತಿನ 900 ರೂಪಾಯಿ ಎಣಿಸಿ ಕೊಟ್ಟು ರಸೀದಿ ಕೇಳಿದರು. ಉಳಿದದ್ದನ್ನು ಶಿಕ್ಷಕರು ಹೊಂದಿಸುತ್ತೇವೆ ಎಂದಾಗ, "ಬೇಡ ಸರ್, ಸಂಕ್ರಾಂತಿಯ ಹೊತ್ತಿಗೆ ಕೂಲಿ ಬರುತ್ತದೆ, ಕೊಡುತ್ತೇನೆ" ಎಂದರು. ಹೊರಡುವ ಮುನ್ನ ಗೆಳತಿಯ ಕಡೆ ತಿರುಗಿ ತಮ್ಮ ಅರ್ಜಿಯನ್ನು ವಾಪಸು ಕೇಳಿದರು. ಗೆಳತಿ ಕಪಾಟಿನಿಂದ ಆ ಗೆರೆಯ ಹಾಳೆಯನ್ನು ತೆಗೆದು ಕೊಟ್ಟಳು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡರು.